ಅರಳಗುಪ್ಪೆಯ ಭುವನೇಶ್ವರಿ ಮತ್ತು ಒಂದು ಶಿಫಾರಸು ಪತ್ರ

ತುಮಕೂರಿನ ಒಂದು ಪದವಿ ಕಾಲೇಜಿನಲ್ಲಿ ಕೊನೇ ವರ್ಷದ ಬಿ.ಎ. ಓದುತ್ತಿದ್ದ ಹುಡುಗಿ ತನ್ನ ಇತಿಹಾಸದ ಮೇಡಂಗೆ ಎರಡು ಸಲ ಪತ್ರ ಬರೆದಳು. ಎರಡರಲ್ಲೂ ಕೇಳಿದ್ದು ಒಂದೇ. ಲಂಡನ್‌ನ ಎರಡು ವಿಶ್ವವಿದ್ಯಾಲಯಗಳಲ್ಲಿ ಕಲಾ ಇತಿಹಾಸದ ಎಂ.ಎ.ಗೆ ಅರ್ಜಿ ಹಾಕುತ್ತಿದ್ದೇನೆ, ಶಿಫಾರಸು ಪತ್ರ ಬೇಕು. ಮೊದಲ ಪತ್ರಕ್ಕೆ ಸಿಕ್ಕಿದ್ದು ನಡತೆ ಪ್ರಮಾಣಪತ್ರದಂಥ ನಾಲ್ಕು ಸಾಲು. ಎರಡನೆಯದಕ್ಕೆ ನಿಜವಾದ ಶಿಫಾರಸು ಸಿಕ್ಕಿತು. ಮೇಡಂ ಅವರೇ, ಹುಡುಗಿ ಅವಳೇ. ಬದಲಾದದ್ದು ಕೇಳಿದ ರೀತಿ ಮಾತ್ರ.

ನಾನು ಮಧ್ಯೆ ಬಂದದ್ದು ಹೀಗೆ. ನಾನು ಕಲಾ ಇತಿಹಾಸ ಓದಿದವನು, ಮೇಡಂಗೆ ಹಳೇ ಪರಿಚಯ. ಆ ನಾಲ್ಕು ಸಾಲು ನೋಡಿ ಹುಡುಗಿಗೆ ಅನುಮಾನ ಬಂದು ನನ್ನ ಹತ್ತಿರ ತಂದಳು. ಇಬ್ಬರ ಒಪ್ಪಿಗೆ ತಗೊಂಡೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು, ಹಾಕಿಲ್ಲ.

ಮೊದಲ ಪತ್ರ ಹೀಗಿತ್ತು:

"ಮಾನ್ಯರೇ, ವಿಷಯ: ಶಿಫಾರಸು ಪತ್ರ ಕೋರಿ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ತಮ್ಮ ವಿಭಾಗದಲ್ಲಿ ಅಂತಿಮ ಬಿ.ಎ. ವ್ಯಾಸಂಗ ಮಾಡುತ್ತಿದ್ದು, ಉನ್ನತ ವ್ಯಾಸಂಗಕ್ಕಾಗಿ ವಿದೇಶಕ್ಕೆ ತೆರಳಲು ಇಚ್ಛಿಸಿರುತ್ತೇನೆ. ಆದ್ದರಿಂದ ದಯಮಾಡಿ ನನಗೆ ಶಿಫಾರಸು ಪತ್ರವನ್ನು ನೀಡಬೇಕೆಂದು ಕೋರುತ್ತೇನೆ. ತಮ್ಮ ವಿಧೇಯ ವಿದ್ಯಾರ್ಥಿನಿ."

ಇದು ರಜಾ ಅರ್ಜಿ. "ಜ್ವರದ ನಿಮಿತ್ತ" ಅನ್ನೋ ಕಡೆ "ಉನ್ನತ ವ್ಯಾಸಂಗಕ್ಕಾಗಿ" ಅಂತ ಬಂದಿದೆ, ಅಷ್ಟೇ. ಹೈಸ್ಕೂಲಿನಲ್ಲಿ ಕಲಿತ ಈ ನಮೂನೆ ಕೈಯಲ್ಲಿ ಎಷ್ಟು ಕೂತಿರುತ್ತೆ ಅಂದರೆ, ಪೆನ್ನು ಹಿಡಿದ ಕೂಡಲೇ ತಾನಾಗೇ ಬರುತ್ತೆ. ವಿನಯಕ್ಕೆ ಕೊರತೆಯಿಲ್ಲ. ಆದರೆ ಯಾವ ಕೋರ್ಸು, ಯಾವ ವಿಶ್ವವಿದ್ಯಾಲಯ, ಯಾವತ್ತಿನೊಳಗೆ ಬೇಕು, ಈ ಮೇಡಂ ಹತ್ತಿರವೇ ಯಾಕೆ ಕೇಳುತ್ತಿದ್ದಾಳೆ, ಒಂದೂ ಇಲ್ಲ. ಕಲಾ ಇತಿಹಾಸ ಅನ್ನೋ ಮಾತೇ ಇಲ್ಲ! ಮೇಡಂ ಏನು ಮಾಡಬೇಕು? ಕೇಳಿದ್ದಕ್ಕೆ ತಕ್ಕಂತೆ ಕೊಟ್ಟರು. "ಸದರಿಯವರು ನಮ್ಮ ಕಾಲೇಜಿನಲ್ಲಿ ವ್ಯಾಸಂಗ ಮಾಡಿದ್ದು, ನಡತೆ ಉತ್ತಮವಾಗಿದ್ದು, ಪರಿಶ್ರಮಿಯಾಗಿದ್ದು, ಭವಿಷ್ಯ ಉಜ್ವಲವಾಗಲೆಂದು ಹಾರೈಸುತ್ತೇನೆ" ಅನ್ನೋದನ್ನು ಇಂಗ್ಲಿಷಿನಲ್ಲಿ ಬರೆದು, ಸೀಲು ಒತ್ತಿ.

ಮೇಡಂ ಕಡೆಯಿಂದಲೂ ನೋಡಬೇಕು. ನಮ್ಮ ದೇಶದೊಳಗೆ ಎಂ.ಎ.ಗೆ ಹೋಗುವವರಿಗೆ ಇಂಥ ಪತ್ರ ಬೇಕಾಗುವುದೇ ಅಪರೂಪ. ಕೇಂದ್ರೀಯ ವಿಶ್ವವಿದ್ಯಾಲಯ ಅಂದರೆ ಹೆಚ್ಚಾಗಿ ಸಿಯುಇಟಿ ಪಿಜಿ ಬರೆಯಬೇಕು, ರಾಜ್ಯದ ವಿಶ್ವವಿದ್ಯಾಲಯ ಅಂದರೆ ಅಂಕಪಟ್ಟಿ, ಕೌನ್ಸೆಲಿಂಗ್. ಅಲ್ಲಿ ಯಾರೂ "ನಿನ್ನ ಮೇಷ್ಟ್ರು ನಿನ್ನ ಬಗ್ಗೆ ಏನಂತಾರೆ" ಅಂತ ಕೇಳಲ್ಲ. ಹಾಗಾಗಿ ವರ್ಷಗಟ್ಟಲೆ ಪಾಠ ಮಾಡಿದ ಅಧ್ಯಾಪಕರಿಗೂ ಈ ಬಗೆಯ ಪತ್ರ ಬರೆದು ರೂಢಿ ಇರುವುದಿಲ್ಲ. ಬ್ರಿಟನ್ನು, ಅಮೆರಿಕದಲ್ಲಿ ವಿಷಯ ಬೇರೆ. ಅಲ್ಲಿ ಆಯ್ಕೆ ಮಾಡುವವರು ಅರ್ಜಿದಾರರ ಮುಖ ನೋಡದೇ ತೀರ್ಮಾನ ಮಾಡುವುದು ಜಾಸ್ತಿ. ಅವರ ಮುಂದೆ ಅಂಕಪಟ್ಟಿ, ಅರ್ಜಿದಾರರೇ ಬರೆದ ಉದ್ದೇಶದ ಹೇಳಿಕೆ, ಎಷ್ಟೋ ಕಡೆ ಒಂದು ಬರಹದ ಮಾದರಿ, ಆಮೇಲೆ ಈ ಪತ್ರಗಳು ಇರುತ್ತವೆ. ಇವುಗಳಲ್ಲಿ ಹುಡುಗಿಯನ್ನು ಕೆಲಸ ಮಾಡುವಾಗ ಕಣ್ಣಾರೆ ನೋಡಿದವರ ಮಾತು ಇರುವುದು ಶಿಫಾರಸು ಪತ್ರದಲ್ಲಿ ಮಾತ್ರ.

ಈ ಪ್ರಕರಣದಲ್ಲಿ ಇನ್ನೊಂದು ತೊಡಕು ಇತ್ತು. ಹುಡುಗಿ ಓದಿದ್ದು ಕನ್ನಡ ಮಾಧ್ಯಮ. ಅವಳ ಒಳ್ಳೇ ಕೆಲಸವೆಲ್ಲ ಕನ್ನಡದಲ್ಲಿದೆ. ಲಂಡನ್ನಿನಲ್ಲಿ ಕೂತವರಿಗೆ ಅದನ್ನು ಓದಲಾಗುವುದಿಲ್ಲ. ಬರಹದ ಮಾದರಿ ಅಂತ ಕಳಿಸುವುದು ಅವಳೇ ಮಾಡಿಕೊಂಡ ಇಂಗ್ಲಿಷ್ ಅನುವಾದ. ಅದು ಅವಳದೇ ಕೆಲಸ, ಮೂಲ ಕನ್ನಡದಲ್ಲೂ ಹೀಗೇ ಗಟ್ಟಿಯಾಗಿದೆ ಅಂತ ಹೇಳಬಲ್ಲವರು ಯಾರು? ಮೂಲವನ್ನು ಓದಿ ತಿದ್ದಿದ ಮೇಡಂ ಒಬ್ಬರೇ. ಇಂಗ್ಲಿಷ್ ಮಾಧ್ಯಮದವರ ಪತ್ರಕ್ಕೆ ಇರದ ಹೊರೆ ಈ ಪತ್ರಕ್ಕಿತ್ತು. ಇದು ಹುಡುಗಿಗೂ ಹೊಳೆದಿರಲಿಲ್ಲ, ಮೇಡಂಗೂ ಹೊಳೆದಿರಲಿಲ್ಲ.

ಹಾಗಾದರೆ ಮೇಡಂ ಕಣ್ಣಾರೆ ಕಂಡದ್ದೇನು? ಅದನ್ನು ಕೇಳಿದಾಗ ಹುಡುಗಿ ಮೊದಲು "ಸೆಮಿನಾರ್‌ನಲ್ಲಿ ಚೆನ್ನಾಗಿ ಮಾತಾಡಿದ್ದೆ ಸರ್, ಕ್ವಿಜ್‌ನಲ್ಲಿ ಪ್ರೈಜ್ ಬಂದಿತ್ತು" ಅಂದಳು. ಅದೆಲ್ಲ ಬಿಡು, ಮೇಡಂ ನಿನ್ನ ಬರಹದ ಮೇಲೆ ಕೆಂಪು ಶಾಯಿಯಲ್ಲಿ ಏನಾದರೂ ಬರೆದದ್ದಿದೆಯಾ ಅಂತ ಕೇಳಿದೆ. ಆಗ ಆಚೆ ಬಂತು ಅರಳಗುಪ್ಪೆ ಕಥೆ.

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ದೇವಸ್ಥಾನ ಗಂಗ-ನೊಳಂಬರ ಕಾಲದ್ದು, 9ನೇ ಶತಮಾನದ್ದು. ಅದರ ಭುವನೇಶ್ವರಿ, ಅಂದರೆ ಒಳಚಾವಣಿಯ ಕೆತ್ತನೆ, ಕಲಾ ಇತಿಹಾಸದವರಿಗೆ ಚೆನ್ನಾಗಿ ಗೊತ್ತು. ನಡುವೆ ಕುಣಿಯುವ ಶಿವ, ಸುತ್ತ ಎಂಟು ಚೌಕಗಳಲ್ಲಿ ಎಂಟು ದಿಕ್ಪಾಲಕರು. ಹುಡುಗಿ ತನ್ನ ಪ್ರಾಜೆಕ್ಟ್‌ಗೆ ಇದನ್ನೇ ಹಿಡಿದಿದ್ದಳು. ನೆಲದ ಮೇಲೆ ಅಂಗಾತ ಮಲಗಿ ಫೋಟೋ ತೆಗೆದು, ಮನೆಗೆ ಬಂದು ಒಂದು ನಕ್ಷೆ ಬರೆದಳು. ಉತ್ತರ ಮೇಲೆ, ದಕ್ಷಿಣ ಕೆಳಗೆ, ಪೂರ್ವ ಬಲಕ್ಕೆ, ಪಶ್ಚಿಮ ಎಡಕ್ಕೆ, ಶಾಲೆಯ ಭೂಪಟದಲ್ಲಿ ಇರುವ ಹಾಗೆ. ನೋಡಿದರೆ ಪೂರ್ವದ ಮನೆಯಲ್ಲಿ ಮಕರದ ಮೇಲೆ ವರುಣ ಇದ್ದಾನೆ, ಪಶ್ಚಿಮದಲ್ಲಿ ಆನೆಯ ಮೇಲೆ ಇಂದ್ರ! ಇಂದ್ರ ಪೂರ್ವದವನು, ವರುಣ ಪಶ್ಚಿಮದವನು ಅಲ್ವಾ. ಮೂಲೆಯವರೂ ಅದಲುಬದಲು. ಹುಡುಗಿಗೆ ಖುಷಿಯೋ ಖುಷಿ. "ಇಲ್ಲಿನ ಶಿಲ್ಪಿಗಳು ಶಾಸ್ತ್ರದ ಕ್ರಮ ಬಿಟ್ಟು ಹೊಸ ಕ್ರಮ ಹಾಕಿಕೊಂಡಿದ್ದಾರೆ" ಅಂತ ಎರಡು ಪುಟ ಬರೆದಳು.

ಮೇಡಂ ಅಂಚಿನಲ್ಲಿ ಬರೆದದ್ದು ಇಷ್ಟೇ: "ಯಮ, ಕುಬೇರ ಮಾತ್ರ ಸರಿಯಾದ ಜಾಗದಲ್ಲಿ ಕೂತು ಉಳಿದವರೆಲ್ಲ ಎಡಬಲ ಆಗಿದ್ದಾರೆ. ತಪ್ಪಿದ್ದು ಶಿಲ್ಪಿಯೋ, ನಿನ್ನ ನಕ್ಷೆಯೋ?"

ಚಾವಣಿಯನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತೇವೆ. ಭೂಪಟವನ್ನು ಮೇಲಿನಿಂದ ಕೆಳಕ್ಕೆ. ಹಾಗಾಗಿ ಚಾವಣಿಯ ಫೋಟೋದಲ್ಲಿ ಉತ್ತರವನ್ನು ಮೇಲಕ್ಕೆ ಇಟ್ಟರೆ ಪೂರ್ವ ಎಡಕ್ಕೆ ಬರುತ್ತದೆ. ಉತ್ತರ, ದಕ್ಷಿಣ ಬದಲಾಗುವುದಿಲ್ಲ, ಉಳಿದ ಆರೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುತ್ತವೆ. ಹುಡುಗಿ ಮತ್ತೆ ಅರಸೀಕೆರೆ ಕಡೆಯ ಪ್ಯಾಸೆಂಜರ್ ಹತ್ತಿ ಅರಳಗುಪ್ಪೆಗೆ ಹೋದಳು, ದಿಕ್ಸೂಚಿ ಹಿಡಿದು ಪ್ರತಿ ಚೌಕವನ್ನೂ ಗುರುತು ಹಾಕಿಕೊಂಡಳು, ಎರಡು ಪುಟ ಹೊಡೆದು ಹಾಕಿದಳು. ಅದರ ಜಾಗದಲ್ಲಿ, ಈ ತಪ್ಪು ಯಾಕೆ ಸುಲಭವಾಗಿ ಆಗುತ್ತದೆ, ಚಾವಣಿಯ ನಕ್ಷೆ ಬರೆಯುವವರು ನೋಟ ಕೆಳಗಿನದೋ ಮೇಲಿನದೋ ಅಂತ ಯಾಕೆ ಹೇಳಲೇಬೇಕು ಅಂತ ಒಂದು ಪ್ಯಾರಾ ಬರೆದಳು.

ನನ್ನ ಪ್ರಕಾರ ಆ ಇಡೀ ಪ್ರಾಜೆಕ್ಟಿನಲ್ಲಿ ಅತ್ಯಂತ ಬೆಲೆಯುಳ್ಳದ್ದು ಆ ಪ್ಯಾರಾ. ಕಲಾ ಇತಿಹಾಸದ ಎಂ.ಎ.ಯಲ್ಲಿ ಮೊದಲು ನೋಡುವುದು ಇದನ್ನೇ: ವಸ್ತುವಿನ ಮುಂದೆ ನಿಂತು ನೋಡಲು ಬರುತ್ತದಾ, ನೋಡಿದ್ದಕ್ಕೂ ಹೇಳುವುದಕ್ಕೂ ತಾಳೆ ಇದೆಯಾ, ತಾಳೆ ತಪ್ಪಿದಾಗ ಮಾತು ಬದಲಿಸುತ್ತಾರಾ ಇಲ್ಲ ಕಲ್ಲನ್ನೇ ದೂರುತ್ತಾರಾ. ಆದರೆ ಹುಡುಗಿಗೆ ಇದನ್ನು ಹೇಳಿಕೊಳ್ಳಲು ನಾಚಿಕೆ. "ತಪ್ಪು ಮಾಡಿದ್ದನ್ನ ಯಾರಾದ್ರೂ ಬರೀತಾರಾ ಸರ್?" ಅಂದಳು. ಅವಳೇ ಬರೆದರೆ ಹೆಚ್ಚುಗಾರಿಕೆ ಅನ್ನಿಸಬಹುದು. ಮೇಡಂ ಬರೆದರೆ ಸಾಕ್ಷಿ.

ಎರಡನೇ ಪತ್ರ ಬರೆಯುವ ಮೊದಲು ನಾನು ಹೇಳಿದ್ದು ಎರಡೇ ಮಾತು. ನಮೂನೆ ಬಿಟ್ಟು ತರಗತಿಯಲ್ಲಿ ಮೇಡಂ ಜೊತೆ ಮಾತಾಡುವ ಕನ್ನಡದಲ್ಲೇ ಬರಿ. ಮೇಡಂಗೆ ಗೊತ್ತಿರುವುದನ್ನು ಮಾತ್ರ ನೆನಪಿಸು, ಗೊತ್ತಿಲ್ಲದ್ದನ್ನು ಅವರ ಬಾಯಲ್ಲಿ ಹೇಳಿಸಬೇಡ. ಉಳಿದದ್ದು ಅವಳದೇ. ಪೂರ್ತಿ ಕೊಡುತ್ತೇನೆ:

"ನಮಸ್ಕಾರ ಮೇಡಂ,

ಕಲಾ ಇತಿಹಾಸದಲ್ಲಿ ಎಂ.ಎ. ಮಾಡಲು ಲಂಡನ್ನಿನ ಎರಡು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುತ್ತಿದ್ದೇನೆ. ಎರಡಕ್ಕೂ ಪಾಠ ಮಾಡಿದ ಇಬ್ಬರು ಅಧ್ಯಾಪಕರ ಶಿಫಾರಸು ಬೇಕು. ಒಂದನ್ನು ನೀವು ಬರೆದುಕೊಡಲು ಆಗುತ್ತದಾ ಅಂತ ಕೇಳಲು ಈ ಪತ್ರ. ಹೋದ ತಿಂಗಳು ನೀವು ಕೊಟ್ಟ ಸರ್ಟಿಫಿಕೇಟಿಗೆ ಧನ್ಯವಾದ. ನಾನು ಆಗ ಏನು ಬೇಕು ಅಂತ ಸರಿಯಾಗಿ ಹೇಳಿರಲಿಲ್ಲ, ಈ ಸಲ ಹೇಳುತ್ತೇನೆ. ಮೊದಲ ಅರ್ಜಿಗೆ ಕೊನೇ ದಿನ ಜನವರಿ 31, ಎರಡನೆಯದಕ್ಕೆ ಫೆಬ್ರವರಿ 28. ಪತ್ರ ಒಂದೇ ಆದರೂ ನಡೆಯುತ್ತದೆ.

ನೀವು ಇತಿಹಾಸದವರು, ಕಲಾ ಇತಿಹಾಸದವರಲ್ಲ ಅಂತ ನಿಮಗೆ ಅನ್ನಿಸಬಹುದು. ನಮ್ಮ ಕಾಲೇಜಿನಲ್ಲಿ ಆ ವಿಷಯವೇ ಇಲ್ಲ ಮೇಡಂ. ನಾನು ಶಿಲ್ಪವನ್ನು ನೋಡಿ ಬರೆಯಲು ಕಲಿತದ್ದು ನಿಮ್ಮ ಹತ್ತಿರ. ನನ್ನ ಅರಳಗುಪ್ಪೆ ಪ್ರಾಜೆಕ್ಟಿನ ಮೊದಲ ಪ್ರತಿ, ನೀವು ತಿದ್ದಿದ್ದು, ಮತ್ತು ಕೊನೇ ಪ್ರತಿ ಎರಡನ್ನೂ ಇದರ ಜೊತೆ ಇಟ್ಟಿದ್ದೇನೆ. 14ನೇ ಪುಟದಲ್ಲಿ ದಿಕ್ಪಾಲಕರ ಬಗ್ಗೆ ನೀವು ಬರೆದ ಪ್ರಶ್ನೆ ಇದೆ. ಅದಾದ ಮೇಲೆ ನಾನು ಏನು ಬದಲಾಯಿಸಿದೆ ಅನ್ನುವುದು ಕೊನೇ ಪ್ರತಿಯ ಅದೇ ಭಾಗದಲ್ಲಿದೆ. ಅದನ್ನು ಹೇಗೆ ತೂಗುತ್ತೀರಿ ಅನ್ನುವುದು ನಿಮಗೆ ಬಿಟ್ಟದ್ದು.

ನಾನು ಪ್ರಾಜೆಕ್ಟನ್ನು ಇಂಗ್ಲಿಷಿಗೆ ನಾನೇ ಅನುವಾದ ಮಾಡಿ ಬರಹದ ಮಾದರಿ ಅಂತ ಕಳಿಸುತ್ತಿದ್ದೇನೆ. ಅಲ್ಲಿಯವರಿಗೆ ಕನ್ನಡ ಓದಲು ಬರುವುದಿಲ್ಲ. ಮೂಲ ಕನ್ನಡದ್ದು, ಅನುವಾದ ನನ್ನದು, ಎರಡೂ ತಾಳೆಯಾಗುತ್ತವೆ ಅನ್ನುವುದನ್ನು ನೀವು ನೋಡಿ ಹೇಳಿದರೆ ದೊಡ್ಡ ಉಪಕಾರ. ಎಪಿಗ್ರಾಫಿಯಾ ಕರ್ನಾಟಿಕಾದ ತುಮಕೂರು ಸಂಪುಟದಲ್ಲಿ ರೈಸ್ ಅವರ ಇಂಗ್ಲಿಷ್ ಅನುವಾದವನ್ನು ಶಾಸನದ ಕನ್ನಡ ಪಾಠದ ಪಕ್ಕ ಇಟ್ಟು ನಾವು ಲೈಬ್ರರಿಯಲ್ಲಿ ಓದಿದ್ದು ನಿಮಗೆ ನೆನಪಿರಬಹುದು. ನನಗೆ ಹಳಗನ್ನಡ ಎಷ್ಟು ಬರುತ್ತದೆ, ಎಲ್ಲಿ ತಡವರಿಸುತ್ತೇನೆ ಅಂತ ನಿಮಗೆ ಗೊತ್ತು.

ಮೂರನೇ ಸೆಮಿಸ್ಟರಿನಲ್ಲಿ ನಿಮ್ಮ ಪತ್ರಿಕೆಯಲ್ಲೇ ನನಗೆ 48 ಬಂದಿದೆ. ಅಂಕಪಟ್ಟಿಯಲ್ಲಿ ಅವರಿಗೆ ಕಾಣುತ್ತದೆ. ಆಗ ಅಪ್ಪನಿಗೆ ಆಪರೇಷನ್ ಆಗಿತ್ತು, ಅಂಗಡಿಯಲ್ಲಿ ನಾನು ಕೂರುತ್ತಿದ್ದೆ. ಅದನ್ನು ಬರೆಯಿರಿ ಅಂತ ಕೇಳುತ್ತಿಲ್ಲ. ಬರೆಯಬೇಕು ಅನ್ನಿಸಿದರೆ ಬರೆಯಬಹುದು, ನನ್ನ ಅಭ್ಯಂತರ ಇಲ್ಲ ಅಂತ ತಿಳಿಸುತ್ತಿದ್ದೇನೆ.

ನನ್ನ ಬಗ್ಗೆ ಇಷ್ಟೆಲ್ಲ ಹೇಳಲು ಆಗುವುದಿಲ್ಲ ಅನ್ನಿಸಿದರೆ, ಅಥವಾ ಪರೀಕ್ಷೆ ಕೆಲಸದ ನಡುವೆ ಸಮಯವಿಲ್ಲದಿದ್ದರೆ, ದಯವಿಟ್ಟು ಈಗಲೇ ಹೇಳಿಬಿಡಿ ಮೇಡಂ. ಬೇರೆಯವರನ್ನು ಕೇಳಲು ಇನ್ನೂ ಸಮಯವಿದೆ, ನನಗೆ ಬೇಜಾರಾಗುವುದಿಲ್ಲ.

ನಿಮ್ಮ ವಿದ್ಯಾರ್ಥಿನಿ"

ಮೇಡಂ ಆಮೇಲೆ ನನಗೆ ಹೇಳಿದ್ದು ಏನು ಗೊತ್ತಾ? ತಮಗೆ ಹಿಡಿಸಿದ್ದು ಹೊಗಳಿಕೆಯಲ್ಲ, 14ನೇ ಪುಟ ಅಂತ ಬರೆದದ್ದು. ವರ್ಷಕ್ಕೆ ನೂರಾರು ಮಕ್ಕಳ ಇಂಟರ್ನಲ್ಸ್ ನೋಡುವವರಿಗೆ ಯಾರ ಪ್ರಾಜೆಕ್ಟಿನಲ್ಲಿ ಏನಿತ್ತು ಅಂತ ನೆನಪಿರುವುದಿಲ್ಲ. ಆದರೆ ತಮ್ಮದೇ ಕೈಬರಹ ಕಂಡ ಕೂಡಲೇ ಎಲ್ಲ ನೆನಪಾಯಿತಂತೆ, ಅವಳು ಅವತ್ತು ಸ್ಟಾಫ್ ರೂಮಿಗೆ ಬಂದು ಕಾಗದವನ್ನು ತಲೆಯ ಮೇಲೆ ಹಿಡಿದುಕೊಂಡು ಕೆಳಗಿನಿಂದ ನೋಡಿ "ಹೌದಲ್ವಾ ಮೇಡಂ" ಅಂದದ್ದೂ ಸೇರಿ. ಆ ಕೊನೆಯ ವಿವರ ಹುಡುಗಿಯ ಪತ್ರದಲ್ಲಿ ಇರಲೇ ಇಲ್ಲ.

48ರ ಪ್ಯಾರಾ ಬಗ್ಗೆ ನನಗೆ ಅನುಮಾನ ಇತ್ತು. ಇದು ಬೇಕಾ ಅಂತ ಕೇಳಿದ್ದೆ. ಅವಳು ಬಿಡಲಿಲ್ಲ, ಬಿಡದೇ ಇದ್ದದ್ದೇ ಸರಿ. ಆ ಅಂಕ ಕೊಟ್ಟ ಪತ್ರಿಕೆಯ ಮೇಡಮ್ಮೇ ಶಿಫಾರಸು ಬರೆಯುವಾಗ ಅದರ ಬಗ್ಗೆ ಮಾತೇ ಇಲ್ಲದಿದ್ದರೆ ಓದುವವರಿಗೆ ಅದು ಕಣ್ಣಿಗೆ ಹೊಡೆಯುತ್ತದೆ. ಅವಳು ಕೇಳಿದ ರೀತಿಯೂ ಚೆನ್ನಾಗಿದೆ, ಮನೆಯ ಕಷ್ಟವನ್ನು ಬೇರೆಯವರು ಬರೆಯಲು ಒಪ್ಪಿಗೆ ಕೊಟ್ಟಿದ್ದಾಳೆ, ಒತ್ತಾಯ ಮಾಡಿಲ್ಲ.

ಇನ್ನು "ಆಗುವುದಿಲ್ಲ ಅಂದರೆ ಈಗಲೇ ಹೇಳಿಬಿಡಿ" ಅನ್ನುವ ಮಾತು. ನಮ್ಮಲ್ಲಿ ಗುರುಗಳಿಗೆ ಹೀಗೆ ಬರೆಯುವುದು ಒರಟು ಅನ್ನಿಸುತ್ತದೆ. ಆದರೆ ನಮ್ಮಲ್ಲೇ ಯಾರೂ ಬಾಯಿಬಿಟ್ಟು ಇಲ್ಲ ಅನ್ನುವುದಿಲ್ಲ, "ನೋಡೋಣಮ್ಮ" ಅಂತಾರೆ. ಆ "ನೋಡೋಣ" ಜನವರಿ ಕೊನೆಯವರೆಗೂ ಎಳೆಯುತ್ತದೆ, ಇಲ್ಲವೇ ಮನಸ್ಸಿಲ್ಲದ ಪತ್ರ ಬರುತ್ತದೆ. ಮನಸ್ಸಿಲ್ಲದ ಪತ್ರ ಓದಿದವರಿಗೆ ಗೊತ್ತಾಗಿಬಿಡುತ್ತದೆ, ಒಳ್ಳೇ ಹುಡುಗಿ, ಶಿಸ್ತು, ಸಮಯಪಾಲನೆ ಅಂತ ಮೂರು ಸಾಲಿಗೆ ಮುಗಿದಿರುತ್ತದೆ.

ಮೇಡಂ ಒಪ್ಪಿದರು. ಆದರೆ ಎಲ್ಲರಿಗೂ ಬರುವ ಮೆಸೇಜೇ ಇವಳಿಗೂ ಬಂತು: "ಆಯ್ತು, ಡ್ರಾಫ್ಟ್ ನೀನೇ ಮಾಡಿ ಕಳಿಸು, ನೋಡಿ ಸೈನ್ ಹಾಕ್ತೀನಿ."

ಇಲ್ಲಿ ತುಂಬಾ ಜನ ಜಾರುತ್ತಾರೆ. ನಮ್ಮ ಕಡೆ ಇದು ಮೋಸ ಅಂತ ಯಾರಿಗೂ ಅನ್ನಿಸುವುದಿಲ್ಲ, ಮೇಡಂಗೆ ಕೆಲಸ ಕಡಿಮೆ ಆಗಲಿ ಅನ್ನುವ ಒಳ್ಳೇ ಮನಸ್ಸೇ ಇರುತ್ತದೆ. ಆದರೆ ಪತ್ರವನ್ನು ಇನ್ನೊಬ್ಬರು ಗುಟ್ಟಾಗಿ, ಸ್ವತಃ ಬರೆದಿದ್ದಾರೆ ಅನ್ನುವ ನಂಬಿಕೆಯ ಮೇಲೆ ಈ ಪದ್ಧತಿ ನಿಂತಿದೆ. ಅಮೆರಿಕದ ಅರ್ಜಿಗಳಲ್ಲಂತೂ ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಅಂತ ನೇರವಾಗಿ ಕೇಳುತ್ತಾರೆ. ಹಕ್ಕು ಬಿಟ್ಟೆ ಅಂತ ಟಿಕ್ ಹಾಕಿ ಪತ್ರವನ್ನೇ ತಾನು ಬರೆದರೆ ಏನರ್ಥ? ಅದು ಬಿಡಿ, ಕೆಲಸಕ್ಕೂ ಬರುವುದಿಲ್ಲ. ಉದ್ದೇಶದ ಹೇಳಿಕೆಯಲ್ಲಿ ಇರುವ ಅದೇ ಪದಗಳು, ಅದೇ ವಾಕ್ಯದ ಓಟ, ಶಿಫಾರಸಿನಲ್ಲೂ ಬರುತ್ತವೆ. ಒಂದರ ಹಿಂದೆ ಒಂದು ಓದುವವರಿಗೆ ಎರಡೂ ಒಂದೇ ಕೈಯದ್ದು ಅಂತ ಕಂಡುಹಿಡಿಯಲು ಕಷ್ಟವೇನಿಲ್ಲ. ಜೊತೆಗೆ, ತಲೆ ಮೇಲೆ ಕಾಗದ ಹಿಡಿದ ಆ ವಿವರ ಹುಡುಗಿ ಬರೆದ ಡ್ರಾಫ್ಟಿನಲ್ಲಿ ಎಂದೂ ಬರುತ್ತಿರಲಿಲ್ಲ. ಅವಳಿಗೆ ಅದು ಮುಖ್ಯ ಅಂತ ಗೊತ್ತೇ ಇರಲಿಲ್ಲ.

ಹಾಗಂತ ಮೇಡಂಗೆ "ಇಲ್ಲ, ನಾನು ಬರೆಯಲ್ಲ" ಅನ್ನಲಾಗುತ್ತದಾ? ಅವಳು ಮಾಡಿದ್ದು ಹೀಗೆ. ಡ್ರಾಫ್ಟ್ ಬದಲು ಒಂದು ಪುಟದ ಟಿಪ್ಪಣಿ ಕಳಿಸಿದಳು. ಯಾವ ಯಾವ ಪತ್ರಿಕೆ ಮೇಡಂ ಪಾಠ ಮಾಡಿದ್ದು, ಯಾವ ವರ್ಷ, ಪ್ರಾಜೆಕ್ಟಿನ ಹೆಸರು, ಕೋರ್ಸಿನ ಹೆಸರು ಇಂಗ್ಲಿಷಿನಲ್ಲಿ ಸರಿಯಾಗಿ, ಆ ಕೋರ್ಸಿನವರು ಶಿಫಾರಸಿನಲ್ಲಿ ಏನು ಹೇಳಬೇಕೆಂದು ಕೇಳಿದ್ದಾರೆ ಅನ್ನುವುದು ಅವರದೇ ಮಾತಿನಲ್ಲಿ. ಗುಣಗಾನದ ಪದ ಒಂದೂ ಇಲ್ಲ. ಕೆಳಗೆ, "ಮೇಡಂ, ಪತ್ರ ಅಭ್ಯರ್ಥಿ ಬರೆದದ್ದಾಗಿರಬಾರದು ಅಂತ ಅವರ ಸೂಚನೆ ಇದೆ. ನೀವು ಕನ್ನಡದಲ್ಲಿ ಹೇಳಿದರೂ ಸಾಕು, ಇಂಗ್ಲಿಷ್ ಮಾಡಲು ಬೇರೆ ಯಾರಾದರೂ ಸಹಾಯ ಮಾಡಬಹುದು" ಅಂತ ಬರೆದಳು. ಮೇಡಂಗೆ ತೊಂದರೆ ಇದ್ದದ್ದು ಅಲ್ಲೇ. ಪಾಠ ಮಾಡುವುದು ಕನ್ನಡದಲ್ಲಿ, ಒಂದೂವರೆ ಪುಟ ಇಂಗ್ಲಿಷ್ ಬರೆಯಲು ಹಿಂಜರಿಕೆ. ಅವರು ಕನ್ನಡದಲ್ಲಿ ಬರೆದರು, ಕಾಲೇಜಿನ ಇಂಗ್ಲಿಷ್ ವಿಭಾಗದ ಸಹೋದ್ಯೋಗಿ ಅನುವಾದ ಮಾಡಿದರು, ಅನುವಾದ ಯಾರದ್ದು ಅಂತ ಪತ್ರದ ಕೊನೆಯಲ್ಲಿ ಒಂದು ಸಾಲು ಹಾಕಿದರು. ನನಗಂತೂ ಆ ಸಾಲೇ ಪತ್ರಕ್ಕೆ ಗೌರವ ತಂದಿತು ಅನ್ನಿಸಿತು.

ಇಮೇಲ್ ವಿಷಯ ಯಾರೂ ಮೊದಲೇ ಯೋಚಿಸಿರಲಿಲ್ಲ. ಅರ್ಜಿಯ ಪೋರ್ಟಲಿನಲ್ಲಿ ಶಿಫಾರಸು ಮಾಡುವವರ ಹೆಸರು, ಹುದ್ದೆ, ಇಮೇಲ್ ಹಾಕಬೇಕು. ಆಮೇಲೆ ಪೋರ್ಟಲ್ ನೇರವಾಗಿ ಅವರಿಗೆ ಒಂದು ಲಿಂಕ್ ಕಳಿಸುತ್ತದೆ, ಪತ್ರವನ್ನು ಅವರೇ ಅಲ್ಲಿ ಹಾಕಬೇಕು. ಸಂಸ್ಥೆಯ ಇಮೇಲ್ ಕೇಳುವವರೇ ಜಾಸ್ತಿ. ನಮ್ಮ ಪದವಿ ಕಾಲೇಜುಗಳ ಎಷ್ಟೋ ಅಧ್ಯಾಪಕರಿಗೆ ಇರುವುದು ಜಿಮೇಲ್ ಮಾತ್ರ. ಜಿಮೇಲ್ ಹಾಕಿ ಸುಮ್ನೆ ಬಿಟ್ಟರೆ, ಇದು ನಿಜವಾಗಿ ಅಧ್ಯಾಪಕರದ್ದೇನಾ ಅನ್ನುವ ಪ್ರಶ್ನೆ ಬರುತ್ತದೆ. ಹುಡುಗಿ ಮೊದಲೇ ಎರಡೂ ವಿಶ್ವವಿದ್ಯಾಲಯದ ಪ್ರವೇಶ ಕಚೇರಿಗೆ ಬರೆದು ಕೇಳಿದಳು. ಒಂದು ಕಡೆಯವರು ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಸಹಿ, ಸೀಲು, ದಿನಾಂಕ ಇದ್ದರೆ ಜಿಮೇಲಿಂದ ಹಾಕಿದರೂ ಆಗುತ್ತದೆ ಅಂದರು. ಇನ್ನೊಂದು ಕಡೆಯವರು ಒಪ್ಪಲಿಲ್ಲ. ಅಲ್ಲಿಗೆ ಪ್ರಿನ್ಸಿಪಾಲರ ಅನುಮತಿ ಪಡೆದು ಕಾಲೇಜಿನ ಅಧಿಕೃತ ಇಮೇಲನ್ನೇ ಕೊಟ್ಟರು. ಲಿಂಕ್ ಆಫೀಸಿನ ಕಂಪ್ಯೂಟರಿಗೆ ಬಂದು ಸ್ಪ್ಯಾಮಿನಲ್ಲಿ ಬಿದ್ದಿತ್ತು. ಕೊನೇ ದಿನಕ್ಕೆ ಒಂದು ವಾರ ಇರುವಾಗ ಹುಡುಗಿ ಪೋರ್ಟಲಿನಲ್ಲಿ "ಪತ್ರ ಬಂದಿಲ್ಲ" ಅಂತ ಇರುವುದನ್ನು ನೋಡಿ ಆಫೀಸಿಗೆ ಹೋಗಿ ಹುಡುಕಿಸಿದಳು. ಇಲ್ಲದಿದ್ದರೆ ಎಲ್ಲ ಸರಿಯಿದ್ದೂ ಅರ್ಜಿ ಅರ್ಧಕ್ಕೇ ನಿಲ್ಲುತ್ತಿತ್ತು.

ಒಂದು ಕಡೆ ಸೀಟು ಸಿಕ್ಕಿತು, ಇನ್ನೊಂದು ಕಡೆ ಇಲ್ಲ. ಸಿಕ್ಕಿದ್ದಕ್ಕೆ ಪತ್ರವೇ ಕಾರಣ ಅಂತ ಯಾರೂ ಹೇಳಲಾಗುವುದಿಲ್ಲ, ಇನ್ನೊಂದು ಕಡೆಗೂ ಹೋದದ್ದು ಅದೇ ಪತ್ರ. ಈಗ ಫೀಸಿನ ಪ್ರಶ್ನೆ. ಸ್ಕಾಲರ್‌ಶಿಪ್ಪಿಗೆ ಬೇರೆ ಅರ್ಜಿ, ಅದಕ್ಕೆ ಮತ್ತೆ ಶಿಫಾರಸು, ಅಲ್ಲಿ ಕೇಳುವುದೂ ಬೇರೆ: ಮನೆಯ ಆರ್ಥಿಕ ಸ್ಥಿತಿ, ಓದಿ ಬಂದ ಮೇಲೆ ಏನು ಮಾಡುತ್ತಾಳೆ. ಹಳೇ ಪತ್ರವನ್ನೇ ಹಾಕಿಬಿಡೋಣ ಅಂತ ಮೇಡಂ ಅಂದರು. ಹುಡುಗಿ ಈ ಸಲ ನನ್ನನ್ನು ಕೇಳದೆಯೇ ಬರೆದು, ಕಳಿಸಿದ ಮೇಲೆ ತೋರಿಸಿದಳು:

"ಮೇಡಂ, ಇವರು ಭುವನೇಶ್ವರಿ ಬಗ್ಗೆ ಅಷ್ಟಾಗಿ ಕೇಳುವುದಿಲ್ಲ. ಮೂರನೇ ಸೆಮಿಸ್ಟರಿನಲ್ಲಿ ನಾನು ಅಂಗಡಿಯಲ್ಲಿ ಕೂರುತ್ತಿದ್ದದ್ದು ಹೋದ ಸಲ ಬರೆಯದಿದ್ದರೆ ಈ ಸಲ ಬರೆಯಬಹುದು. ಅವರ ಪ್ರಶ್ನೆಗಳನ್ನು ಇದರ ಜೊತೆ ಇಟ್ಟಿದ್ದೇನೆ, ಎರಡನೆಯದಕ್ಕೆ ಉತ್ತರ ನಿಮಗೇ ಚೆನ್ನಾಗಿ ಗೊತ್ತು. ಕೊನೇ ದಿನ ಏಪ್ರಿಲ್ 15. ಲಿಂಕ್ ಬರುವುದು ಆಫೀಸಿನ ಇಮೇಲಿಗೆ, ಸ್ಪ್ಯಾಮ್ ನೋಡಲು ಕ್ಲರ್ಕ್ ಸರ್‌ಗೆ ಹೇಳಿದ್ದೇನೆ."